48 ಗಂಟೆಯ ಎಡಬ್ಲ್ಯೂಎಸ್ ಕೋರ್ಸನ್ನು 14 ದಿನಕ್ಕೆ ಇಳಿಸುವುದು ಹೇಗೆ? SAA-C03 ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ವಿಡಿಯೊ ಕೋರ್ಸ್ ಒಟ್ಟು 48 ಗಂಟೆ. SAA-C03, ಅಂದರೆ ಎಡಬ್ಲ್ಯೂಎಸ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಗೆ ಉಳಿದಿರುವುದು ಎರಡು ವಾರ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ವೇಗವನ್ನು 2x ಗೆ ಏರಿಸಿ, ಮೊದಲ ವಿಡಿಯೊದಿಂದ ಸಾಲಾಗಿ ನೋಡುತ್ತಾ ಹೋಗುವುದು. ಹತ್ತನೇ ದಿನ ನೋಡಿದರೆ ಕೋರ್ಸ್ ಇನ್ನೂ ಅರ್ಧ ಬಾಕಿ ಇರುತ್ತದೆ. ಬಿಡಿಸಿದ ಪ್ರಶ್ನೆಗಳು ಸೊನ್ನೆ. ಕೊನೆಯ ನಾಲ್ಕು ದಿನ ಬರೀ ಗಾಬರಿ.

ನನ್ನ ಚಿಕ್ಕಮ್ಮನ ಮಗಳಿಗೂ ಹೀಗೇ ಆಯಿತು. ಮೈಸೂರಿನಲ್ಲಿ ಸಪೋರ್ಟ್ ಕೆಲಸ, ಲಿನಕ್ಸ್ ಗೊತ್ತು, ನೆಟ್‌ವರ್ಕಿಂಗ್ ಸ್ವಲ್ಪ ಗೊತ್ತು. ಒಂದು ಸಂಜೆ ಫೋನ್ ಮಾಡಿ, "ಅಕ್ಕಾ, ಇನ್ನೂ ಹನ್ನೊಂದನೇ ಸೆಕ್ಷನ್‌ನಲ್ಲೇ ಇದೀನಿ, ಮುಂದಿನ ತಿಂಗಳಿಗೆ ಹಾಕ್ಲಾ?" ಅಂದಳು. ಇಬ್ಬರೂ ಕೂತು ಹಾಕಿದ ಯೋಜನೆಯನ್ನೇ ಇಲ್ಲಿ ಹಂತಹಂತವಾಗಿ ಕೊಡುತ್ತಿದ್ದೇನೆ. ಲೆಕ್ಕಗಳೂ ಅವಳವೇ.

ಒಂದು ಮಿತಿ ಮೊದಲೇ ಹೇಳಿಬಿಡುತ್ತೇನೆ. ಐಪಿ ವಿಳಾಸ, ಸರ್ವರ್, ಡೇಟಾಬೇಸ್ ಅಂದರೆ ಏನು ಎಂದು ಗೊತ್ತಿರುವವರಿಗೆ ಮಾತ್ರ ಎರಡು ವಾರ ಸಾಲುತ್ತದೆ. ಇವೆಲ್ಲ ಪೂರ್ತಿ ಹೊಸದಾದರೆ ಆರು ವಾರವಾದರೂ ಇಟ್ಟುಕೊಳ್ಳಿ.

## ಶುರು ಮಾಡುವ ಮುಂಚೆ ಬೇಕಾದವು

ಪರೀಕ್ಷೆಯ ಅಧಿಕೃತ ಎಕ್ಸಾಮ್ ಗೈಡ್, ಎಡಬ್ಲ್ಯೂಎಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಂದೇ ಮಟ್ಟದ ಮೂರು ಪೂರ್ತಿ ಮಾಕ್ ಟೆಸ್ಟ್‌ಗಳು, ಪ್ರತಿ ಉತ್ತರಕ್ಕೂ ವಿವರಣೆ ಇರುವಂಥವು. ಒಂದು ಸ್ಪ್ರೆಡ್‌ಶೀಟ್. ಒಂದು ನೂರು ಪುಟದ ನೋಟ್‌ಬುಕ್. ಇಷ್ಟೇ ಸಾಕು. ಇನ್ನೊಂದು ಕೋರ್ಸ್ ಕೊಳ್ಳಬೇಡಿ.

ಸೋರಿಕೆಯಾದ ಪ್ರಶ್ನೆಗಳು ಅಂತ ಟೆಲಿಗ್ರಾಮ್‌ನಲ್ಲಿ ಬರುವ 'ಡಂಪ್'ಗಳನ್ನು ಮುಟ್ಟಲೇಬೇಡಿ. ಅದು ಪರೀಕ್ಷೆಯ ಒಪ್ಪಂದಕ್ಕೆ ವಿರುದ್ಧ, ಸರ್ಟಿಫಿಕೇಟ್ ರದ್ದಾಗಬಹುದು. ಅವುಗಳಲ್ಲಿ ತಪ್ಪು ಉತ್ತರಗಳೂ ಇರುತ್ತವೆ.

ಪರೀಕ್ಷೆ ಇನ್ನೂ ಬುಕ್ ಮಾಡಿಲ್ಲದಿದ್ದರೆ ಒಂದು ಕೆಲಸ ಮೊದಲು ಮಾಡಿ. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಇಂಗ್ಲಿಷ್‌ನಲ್ಲಿ ಬರೆಯುವಾಗ 30 ನಿಮಿಷ ಹೆಚ್ಚು ಕೇಳಬಹುದು. ನಿಮ್ಮ ಸರ್ಟಿಫಿಕೇಶನ್ ಖಾತೆಯಲ್ಲಿ `ESL +30 MINUTES` ಎಂಬ ಹೆಸರಿನಲ್ಲಿ ಇದು ಇರುತ್ತದೆ. ಬುಕ್ ಮಾಡುವ ಮುಂಚೆಯೇ ಕೇಳಬೇಕು. ನಮ್ಮವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. 130 ನಿಮಿಷ 160 ಆಗುವುದು ಸಣ್ಣ ವಿಷಯ ಅಲ್ಲ.

## ಹಂತ 1: ಕೈಯಲ್ಲಿರುವ ಗಂಟೆ ಎಣಿಸಿ

ಕೋರ್ಸಿನ ಗಂಟೆ ಆಮೇಲೆ ನೋಡೋಣ, ಮೊದಲು ನಿಮ್ಮ ಗಂಟೆ. ತಂಗಿ ಶುರು ಮಾಡಿದ್ದು ಒಂದು ಶನಿವಾರ, ಪರೀಕ್ಷೆ ಇದ್ದದ್ದು ಎರಡು ವಾರದ ಮೇಲಿನ ಶನಿವಾರ. ನಡುವೆ ನಾಲ್ಕು ರಜೆಯ ದಿನ, ದಿನಕ್ಕೆ 6 ಗಂಟೆಯಂತೆ 24. ಹತ್ತು ಕೆಲಸದ ದಿನ, ರಾತ್ರಿ ಎರಡೂವರೆ ಗಂಟೆಯಂತೆ 25. ಒಟ್ಟು 49 ಗಂಟೆ.

ಕೋರ್ಸ್ 48, ಕೈಯಲ್ಲಿರುವುದು 49. ಇಲ್ಲೇ ಜನ ಮೋಸ ಹೋಗುವುದು. ಈ 49ರಲ್ಲಿ ಮೂರು ಮಾಕ್ ಟೆಸ್ಟ್, ಅವುಗಳ ತಪ್ಪು ತಿದ್ದುವುದು, ಮರುಓದು ಎಲ್ಲ ಸೇರಿ ಸುಮಾರು 20 ಗಂಟೆ ಹೋಗುತ್ತದೆ. ಹೊಸದಾಗಿ ಕಲಿಯಲು ಉಳಿಯುವುದು 29–30 ಗಂಟೆ. ಅದರಲ್ಲೂ ವಿಡಿಯೊ ನಿಲ್ಲಿಸಿ ಬರೆದುಕೊಳ್ಳುವುದು, ಆಯಾ ವಿಷಯದ ಹತ್ತಿಪ್ಪತ್ತು ಪ್ರಶ್ನೆ ಬಿಡಿಸುವುದು ಇರುತ್ತದೆ. ಹಾಗಾಗಿ 48 ಗಂಟೆಯ ಕೋರ್ಸಿನಲ್ಲಿ ನಿಜವಾಗಿ ನೋಡಲು ಆಗುವುದು 20 ಗಂಟೆಯ ವಿಡಿಯೊ ಮಾತ್ರ. ವೇಗ 1.25x ಸಾಕು. ಗೊತ್ತಿಲ್ಲದ ವಿಷಯವನ್ನು 2x ನಲ್ಲಿ ನೋಡಿದರೆ ಮತ್ತೆ ಹಿಂದಕ್ಕೆ ಎಳೆದು ನೋಡಬೇಕಾಗುತ್ತದೆ, ಉಳಿದ ಸಮಯ ಅಲ್ಲೇ ಹೋಗುತ್ತದೆ.

## ಹಂತ 2: ಅಂಕದ ತೂಕವನ್ನು ಕೋರ್ಸಿಗೆ ಹೊಂದಿಸಿ

ಎಕ್ಸಾಮ್ ಗೈಡ್ ಪರೀಕ್ಷೆಯನ್ನು ನಾಲ್ಕು ಭಾಗ ಮಾಡುತ್ತದೆ. ಸುರಕ್ಷತೆಗೆ 30%. ಒಂದು ಕಡೆ ಕೆಟ್ಟರೂ ಇನ್ನೊಂದು ಕಡೆ ನಡೆಯುವಂಥ ವಿನ್ಯಾಸಕ್ಕೆ 26%. ವೇಗ ಮತ್ತು ಸಾಮರ್ಥ್ಯಕ್ಕೆ 24%. ಖರ್ಚು ಉಳಿಸುವುದಕ್ಕೆ 20%. ಪ್ರಶ್ನೆ 65 ಇದ್ದರೂ ಅಂಕ ಸಿಗುವುದು 50ಕ್ಕೆ ಮಾತ್ರ, ಉಳಿದ 15 ಪ್ರಯೋಗಕ್ಕೆ ಇಟ್ಟವು. ಯಾವುವು ಅಂತ ಗೊತ್ತಾಗುವುದಿಲ್ಲ.

ಈಗ ನಿಮ್ಮ ಕೋರ್ಸ್ ತೆಗೆದು ನೋಡಿ. 'ಸುರಕ್ಷತೆ' ಎಂಬ ಒಂದೇ ಒಂದು ಸೆಕ್ಷನ್ ಕೊನೆಯ ಕಡೆ ಇರುತ್ತದೆ. ಖರ್ಚಿನ ಸೆಕ್ಷನ್ ಇರುವುದೇ ಇಲ್ಲ, ಇದ್ದರೂ ಅರ್ಧ ಗಂಟೆ. ಯಾಕೆಂದರೆ ಕೋರ್ಸ್ ಜೋಡಿಸಿರುವುದು ಸೇವೆಗಳ ಹೆಸರಿನ ಪ್ರಕಾರ: ಇಸಿ2, ಎಸ್3, ಆರ್‌ಡಿಎಸ್, ವಿಪಿಸಿ, ಹೀಗೆ. ಅಡುಗೆಮನೆಯ ಶೆಲ್ಫಿನಲ್ಲಿ ಡಬ್ಬಿ ಜೋಡಿಸಿದ ಹಾಗೆ. ಪರೀಕ್ಷೆ ಕೇಳುವುದು ಸಾರಿಗೆ ಯಾವ ಡಬ್ಬಿ ತೆಗೆಯಬೇಕು ಅಂತ. ತೂಕ ನೋಡಿ ಯೋಜನೆ ಹಾಕಲು ಹೊರಟವರು ಸೋಲುವುದು ಇಲ್ಲೇ. ಸುರಕ್ಷತೆಗೆ 30% ಇದೆ ಅಂತ 'ಸುರಕ್ಷತೆ' ಸೆಕ್ಷನ್ ಒಂದನ್ನೇ ಎರಡು ಸಲ ನೋಡುತ್ತಾರೆ. ಆ 30%ರ ದೊಡ್ಡ ಪಾಲು ಐಎಎಂ, ವಿಪಿಸಿ, ಎಸ್3 ಸೆಕ್ಷನ್‌ಗಳ ಒಳಗೆ ಹರಡಿರುತ್ತದೆ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಪ್ರೈವೇಟ್ ಸಬ್‌ನೆಟ್‌ನಲ್ಲಿರುವ ಸರ್ವರ್ ಎಸ್3ಗೆ ದಿನವೂ ದೊಡ್ಡ ಫೈಲ್‌ಗಳನ್ನು ಕಳಿಸಬೇಕು. ಇಂಟರ್ನೆಟ್ ಮೂಲಕ ಹೋಗಬಾರದು, ಖರ್ಚೂ ಕಡಿಮೆ ಇರಬೇಕು. ನ್ಯಾಟ್ ಗೇಟ್‌ವೇ ಇಟ್ಟರೆ ಗಂಟೆಗೊಂದು ಬಾಡಿಗೆ, ಹಾದುಹೋಗುವ ಪ್ರತಿ ಜಿಬಿಗೂ ಇನ್ನೊಂದು ಶುಲ್ಕ. ಗೇಟ್‌ವೇ ಎಂಡ್‌ಪಾಯಿಂಟ್ ಇಟ್ಟರೆ ಎಸ್3 ದಾರಿ ಎಡಬ್ಲ್ಯೂಎಸ್ ಜಾಲದ ಒಳಗೇ ಇರುತ್ತದೆ, ಆ ಎಂಡ್‌ಪಾಯಿಂಟ್‌ಗೆ ಶುಲ್ಕವೂ ಇಲ್ಲ. ಉತ್ತರ ಅದೇ. ಇದು ಕೋರ್ಸಿನಲ್ಲಿ ವಿಪಿಸಿ ಸೆಕ್ಷನ್ನಿನ ಕೊನೆಯಲ್ಲಿ ಬರುವ ಎಂಟು ನಿಮಿಷದ ವಿಡಿಯೊ. ಪರೀಕ್ಷೆಯಲ್ಲಿ ಮಾತ್ರ ಸುರಕ್ಷತೆಯಲ್ಲೂ ಬರಬಹುದು, ಖರ್ಚಿನಲ್ಲೂ ಬರಬಹುದು. ಇಂಥ ವಿಡಿಯೊಗಳನ್ನು ಹುಡುಕುವುದೇ ಈ ಹಂತದ ಕೆಲಸ.

ಮಾಡುವ ಕ್ರಮ ಹೀಗೆ. ಗೈಡ್‌ನಲ್ಲಿ ಪ್ರತಿ ಭಾಗದ ಕೆಳಗೆ ಏನೇನು ಗೊತ್ತಿರಬೇಕು ಎಂಬ ಪಟ್ಟಿ ಇದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು, ಕೋರ್ಸಿನ ವಿಡಿಯೊಗಳ ಹೆಸರನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ. ಮುಂದೆ ನಾಲ್ಕು ಕಾಲಂ, ಭಾಗಕ್ಕೊಂದು. ವಿಡಿಯೊ ಯಾವ ಯಾವ ಭಾಗಕ್ಕೆ ಬೇಕೋ ಅಲ್ಲಿ ಗುರುತು ಹಾಕಿ. ಎರಡು ಅಥವಾ ಜಾಸ್ತಿ ಗುರುತು ಬಿದ್ದದ್ದು 'ನೋಡು'. ಒಂದೇ ಗುರುತು ಬಿದ್ದದ್ದು 'ಓದು', ಅಂದರೆ ವಿಡಿಯೊ ಬೇಡ, ಸ್ಲೈಡ್ ಅಥವಾ ಟಿಪ್ಪಣಿ ಸಾಕು. ಗುರುತೇ ಬೀಳದ್ದು 'ಬಿಡು'. ಇದಕ್ಕೆ ಒಂದು ಗಂಟೆ ಸಾಕು, ಹೆಸರು ನೋಡಿಯೇ ಗುರುತು ಹಾಕಬಹುದು.

ಗೈಡಿನ ಕೊನೆಯಲ್ಲಿ ಪರೀಕ್ಷೆಗೆ ಇಲ್ಲದ ಸೇವೆಗಳ ಪಟ್ಟಿಯೂ ಇದೆ. ಕೋರ್ಸಿನಲ್ಲಿ ಅವು ಇದ್ದರೆ ಕಣ್ಣು ಮುಚ್ಚಿ ಬಿಡಿ. ಮಷಿನ್ ಲರ್ನಿಂಗ್ ಸೇವೆಗಳ ಗಂಟೆಗಟ್ಟಲೆ ವಿಡಿಯೊಗಳಿಗೆ, ಯಾವುದು ಏನು ಮಾಡುತ್ತದೆ ಎಂಬ ಒಂದೊಂದು ಸಾಲು ಸಾಕು. ತಂಗಿಯ ಕೋರ್ಸಿನಲ್ಲಿ ಇಷ್ಟೆಲ್ಲ ಆದ ಮೇಲೆ 'ನೋಡು' ಪಟ್ಟಿಯಲ್ಲಿ ಉಳಿದದ್ದು 19 ಗಂಟೆ.

ನಿಮ್ಮ ಪಟ್ಟಿ 30 ಗಂಟೆ ದಾಟಿದರೆ, ಏನೂ ಬಿಡಲು ಮನಸ್ಸಾಗದೆ ಎಲ್ಲದಕ್ಕೂ ಗುರುತು ಹಾಕಿದ್ದೀರಿ ಅಂತ ಅರ್ಥ. ಮತ್ತೆ ಕೂತು ಕತ್ತರಿಸಿ.

## ಹಂತ 3: ಏನೂ ಓದದೆ ಮೊದಲ ಮಾಕ್ ಟೆಸ್ಟ್ ಬರೆಯಿರಿ

ಇದು ಮೊದಲ ದಿನವೇ ಆಗಬೇಕು. "ಅರ್ಧಾನೂ ಓದಿಲ್ಲ, ಯಾಕೆ ಸುಮ್ನೆ ಬರೆಯೋದು?" ಅಂತ ತಂಗಿಯೂ ಕೇಳಿದಳು. ಇದು ಅಂಕಕ್ಕಲ್ಲ, ತೂಕದ ಇನ್ನೊಂದು ಅರ್ಧ ತಿಳಿಯಲು. ಪರೀಕ್ಷೆಯ ತೂಕ ಒಂದೇ ಗೊತ್ತಿದ್ದರೆ ಸಾಲದು. ಆ ತೂಕದಲ್ಲಿ ನೀವು ಕಳೆದುಕೊಳ್ಳುತ್ತಿರುವುದು ಎಷ್ಟು ಅಂತಲೂ ಗೊತ್ತಾಗಬೇಕು.

ಲೆಕ್ಕ ಸುಲಭ. ಭಾಗದ ತೂಕವನ್ನು, ಆ ಭಾಗದಲ್ಲಿ ತಪ್ಪಾದ ಪ್ರಮಾಣದಿಂದ ಗುಣಿಸಿ. ತಂಗಿಗೆ ಬಂದದ್ದು ಹೀಗೆ:

| ಭಾಗ | ತೂಕ | ತಪ್ಪು / ಪ್ರಶ್ನೆ | ನಷ್ಟ |
|---|---|---|---|
| ಸುರಕ್ಷತೆ | 30 | 11 / 20 | 16.5 |
| ಕೆಡದ ವಿನ್ಯಾಸ | 26 | 6 / 17 | 9.2 |
| ವೇಗ | 24 | 6 / 15 | 9.6 |
| ಖರ್ಚು | 20 | 7 / 13 | 10.8 |

65ಕ್ಕೆ 35 ಸರಿ. ನೂರಕ್ಕೆ ಸುಮಾರು 46ರಷ್ಟು ನಷ್ಟ. ಈಗ ಖರ್ಚಿನ ಸಾಲು ನೋಡಿ. ತೂಕದಲ್ಲಿ ಅದು ಕೊನೆಯದು, ನಷ್ಟದಲ್ಲಿ ಎರಡನೆಯದು. ಬರೀ ತೂಕ ನೋಡಿ ಯೋಜನೆ ಹಾಕಿದ್ದರೆ ಖರ್ಚನ್ನು ಕೊನೆಯ ರಾತ್ರಿಗೆ ತಳ್ಳುತ್ತಿದ್ದಳು.

ಕಲಿಕೆಗೆ ಇರುವ 29.5 ಗಂಟೆಯನ್ನು ಈ ನಷ್ಟದ ಪ್ರಮಾಣದಲ್ಲೇ ಹಂಚಿ. ಅವಳಿಗೆ ಸುರಕ್ಷತೆಗೆ ಹತ್ತೂವರೆ, ಖರ್ಚಿಗೆ 7, ಉಳಿದ ಎರಡಕ್ಕೆ ತಲಾ 6 ಗಂಟೆ ಬಂತು. ಅರ್ಧ, ಒಂದು ಗಂಟೆ ಅತ್ತಿತ್ತ ಆದರೆ ತೊಂದರೆ ಇಲ್ಲ.

ಇಲ್ಲೊಂದು ಎಚ್ಚರಿಕೆ. ಈ ಮೊದಲ ಟೆಸ್ಟಿನಲ್ಲಿ 35%ಗಿಂತ ಕಡಿಮೆ ಬಂದರೆ ಎರಡು ವಾರದ ಯೋಜನೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ಆಯ್ಕೆಯಲ್ಲಿ ಕುರುಡಾಗಿ ಗುರುತು ಹಾಕಿದರೂ 25%ರ ಹತ್ತಿರ ಬರುತ್ತದೆ. ಅಂದರೆ ಬುನಾದಿಯೇ ಇನ್ನೂ ಬಿದ್ದಿಲ್ಲ. ದಿನಾಂಕ ಮುಂದೆ ಹಾಕಿ.

## ಹಂತ 4: ಕ್ರಮ ಹಾಕುವಾಗ ತೂಕದ ಜೊತೆ ಆಧಾರವನ್ನೂ ನೋಡಿ

ಗಂಟೆ ಹಂಚುವುದು ನಷ್ಟದ ಪ್ರಕಾರ. ಆದರೆ ಕಲಿಯುವ ಕ್ರಮ ಪೂರ್ತಿ ಅದರ ಪ್ರಕಾರ ಇರಲು ಆಗುವುದಿಲ್ಲ. ನಷ್ಟದಲ್ಲಿ ಖರ್ಚು ಎರಡನೆಯದು ನಿಜ. ಆದರೆ ಎಸ್3 ಎಂದರೇನು ಅಂತ ಗೊತ್ತಿಲ್ಲದೆ ಅದರ ಖರ್ಚು ಉಳಿಸುವುದು ಹೇಗೆ? ಹಾಗಾಗಿ ಯಾವುದರ ಮೇಲೆ ಯಾವುದು ನಿಂತಿದೆ ಅಂತ ನೋಡಬೇಕು.

ಅವಳ ಕ್ರಮ ಹೀಗಿತ್ತು.

ದಿನ 2ರಿಂದ 4: ಸುರಕ್ಷತೆ. ಭಾನುವಾರ ಪೂರ್ತಿ, ಆಮೇಲೆ ಎರಡು ರಾತ್ರಿ. ಮೊದಲು ಐಎಎಂ, ನಂತರ ವಿಪಿಸಿ, ನಂತರ ಎಸ್3 ಬಕೆಟ್ ಪಾಲಿಸಿ ಮತ್ತು ಕೆಎಂಎಸ್. ವಿಪಿಸಿಯನ್ನು ಕೋರ್ಸುಗಳು ಕೊನೆಯ ಕಡೆ ಇಟ್ಟಿರುತ್ತವೆ, ಕಷ್ಟ ಅಂತ. ನೀವು ಮೂರನೇ ದಿನದೊಳಗೆ ಮುಗಿಸಿ. ಉಳಿದ ಎಲ್ಲದಕ್ಕೂ ಅದೇ ನೆಲ. ಇದನ್ನು ವಿಡಿಯೊದಲ್ಲಿ ನೋಡಿದರೆ ಸಾಲದು, ಒಂದು ಸಲ ಕೈಯಾರೆ ಕಟ್ಟಿ: ಒಂದು ಪಬ್ಲಿಕ್ ಸಬ್‌ನೆಟ್, ಒಂದು ಪ್ರೈವೇಟ್, ಎರಡರ ರೂಟ್ ಟೇಬಲ್. ನ್ಯಾಟ್ ಗೇಟ್‌ವೇ ಮಾಡಿದರೆ ಅವತ್ತೇ ಅಳಿಸಿ ಮಲಗಿ. ಅದರಲ್ಲಿ ಒಂದು ಬೈಟ್ ಹರಿಯದಿದ್ದರೂ ಗಂಟೆಯ ಶುಲ್ಕ ಬೀಳುತ್ತಲೇ ಇರುತ್ತದೆ.

ದಿನ 5 ಮತ್ತು 6: ಕೆಡದ ವಿನ್ಯಾಸ. ಲೋಡ್ ಬ್ಯಾಲೆನ್ಸರ್, ಆಟೋ ಸ್ಕೇಲಿಂಗ್, ಎಸ್‌ಕ್ಯೂಎಸ್, ಡೇಟಾಬೇಸಿನ ಮಲ್ಟಿ-ಎಝಡ್.

ದಿನ 7 ಮತ್ತು ದಿನ 9ರ ಬೆಳಿಗ್ಗೆ: ವೇಗ. ಸ್ಟೋರೇಜ್ ಬಗೆಗಳು, ರೀಡ್ ರೆಪ್ಲಿಕಾ, ಕ್ಯಾಶ್, ಕ್ಲೌಡ್‌ಫ್ರಂಟ್. ನಡುವಿನ 8ನೇ ದಿನ ಎರಡನೇ ಮಾಕ್ ಟೆಸ್ಟ್.

ದಿನ 9ರ ಮಧ್ಯಾಹ್ನದಿಂದ 11: ಖರ್ಚು. ಇದು ಬೇಗ ಅಂಕ ಕೊಡುವ ಭಾಗ, ಹಿಂದೆ ಕಲಿತದ್ದೆಲ್ಲ ಇಲ್ಲಿ ಮತ್ತೆ ಬರುತ್ತದೆ. ಎಸ್3 ಬಗೆಗಳ ಕನಿಷ್ಠ ಅವಧಿ ಬಾಯಿಪಾಠ ಇರಲಿ: ಸ್ಟ್ಯಾಂಡರ್ಡ್-ಐಎ 30 ದಿನ, ಗ್ಲೇಸಿಯರ್ ಫ್ಲೆಕ್ಸಿಬಲ್ 90, ಡೀಪ್ ಆರ್ಕೈವ್ 180. ಫೈಲನ್ನು ಯಾವಾಗ ತೆಗೆಯುತ್ತಾರೋ ಗೊತ್ತಿಲ್ಲ ಅಂದರೆ ಇಂಟೆಲಿಜೆಂಟ್-ಟೈರಿಂಗ್. ಕೆಲಸ ನಡುವೆ ನಿಂತರೂ ಪರವಾಗಿಲ್ಲ ಅಂದರೆ ಸ್ಪಾಟ್, ಅದನ್ನು ಎರಡು ನಿಮಿಷ ಮುಂಚೆ ತಿಳಿಸಿ ಕಿತ್ತುಕೊಳ್ಳಬಹುದು. ವರ್ಷಗಟ್ಟಲೆ ಒಂದೇ ಸಮ ಓಡುವುದಾದರೆ ಸೇವಿಂಗ್ಸ್ ಪ್ಲಾನ್.

ದಿನದ ಕೊನೆಯ 40 ನಿಮಿಷ ಪ್ರಶ್ನೆಗಳಿಗೇ ಮೀಸಲು. ಅಂದು ನೋಡಿದ ವಿಷಯದ 15 ಪ್ರಶ್ನೆ. ವಿಡಿಯೊ ಬಾಕಿ ಉಳಿದರೆ ಉಳಿಯಲಿ, ಪ್ರಶ್ನೆ ಬಿಡಬೇಡಿ. ವಿಡಿಯೊ ನೋಡುವಾಗ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ, ಅಲ್ವಾ? ಪ್ರಶ್ನೆ ಮುಂದೆ ಬಂದಾಗಲೇ ಎರಡು ಸೇವೆಗಳ ನಡುವೆ ಕೈ ನಡುಗುವುದು.

## ಹಂತ 5: ತಪ್ಪಿನ ನೋಟ್‌ಬುಕ್

ಸರಿ ಉತ್ತರವನ್ನು ಬರೆದಿಟ್ಟುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಆ ಪ್ರಶ್ನೆ ಮತ್ತೆ ಬರುವುದಿಲ್ಲ. ಬರೆಯಬೇಕಾದ್ದು ನೀವು ಯಾಕೆ ತಪ್ಪಿದಿರಿ ಅಂತ. ಕಾರಣ ಮೂರೇ ಇರುತ್ತವೆ.

ಒಂದು, ಆ ಸೇವೆಯೇ ಗೊತ್ತಿರಲಿಲ್ಲ. ಇದಕ್ಕೆ ಐದು ನಿಮಿಷ ಓದಿದರೆ ಸಾಕು.

ಎರಡು, ಎರಡು ಸೇವೆಗಳನ್ನು ಕಲಸಿಕೊಂಡಿರಿ. ಜಾಸ್ತಿ ಅಂಕ ಹೋಗುವುದು ಇದರಲ್ಲೇ. ತಂಗಿಯ ನೋಟ್‌ಬುಕ್ಕಿನ ಒಂದು ಪುಟ ಹೀಗಿತ್ತು: "ರಿಪೋರ್ಟ್ ಓಡಿಸಿದಾಗ ಡೇಟಾಬೇಸ್ ನಿಧಾನ ಆಗ್ತಿದೆ. ನಾನು ಮಲ್ಟಿ-ಎಝಡ್ ಹಾಕಿದೆ. ತಪ್ಪು. ಸಾಮಾನ್ಯ ಮಲ್ಟಿ-ಎಝಡ್‌ನಲ್ಲಿ ಎರಡನೇ ಪ್ರತಿ ಸುಮ್ನೆ ಕಾಯ್ತಾ ಇರುತ್ತೆ, ಓದೋಕೆ ಸಿಗಲ್ಲ. ಓದುವ ಹೊರೆ ಇಳಿಸೋಕೆ ರೀಡ್ ರೆಪ್ಲಿಕಾ. ಕೆಟ್ಟಾಗ ಎದ್ದು ನಿಲ್ಲೋಕೆ ಮಲ್ಟಿ-ಎಝಡ್." ಒಂದು 'ಕೆಡದ ವಿನ್ಯಾಸ'ದ ಉತ್ತರ, ಇನ್ನೊಂದು 'ವೇಗ'ದ ಉತ್ತರ. ಸೆಕ್ಯುರಿಟಿ ಗ್ರೂಪ್ ಮತ್ತು ನೆಟ್‌ವರ್ಕ್ ಎಸಿಎಲ್, ಎಸ್‌ಕ್ಯೂಎಸ್ ಮತ್ತು ಎಸ್‌ಎನ್‌ಎಸ್, ಇವಕ್ಕೂ ಇದೇ ರೀತಿ ಒಂದೊಂದು ಪುಟ ಮಾಡಿ.

ಮೂರು, ಪ್ರಶ್ನೆಯ ಕೊನೆಯ ಮಾತನ್ನು ಓದಲಿಲ್ಲ. ತೆರೆಯ ಮೇಲೆ `MOST cost-effective` ಎಂದಿದ್ದರೆ ಕೆಲಸ ಆಗುವ ಉತ್ತರಗಳಲ್ಲಿ ಅಗ್ಗದ್ದು ಬೇಕು. `LEAST operational overhead` ಎಂದಿದ್ದರೆ ನಾವು ನೋಡಿಕೊಳ್ಳಬೇಕಾದ ಕೆಲಸ ಕಡಿಮೆ ಇರುವುದು, ಅಂದರೆ ಸಾಮಾನ್ಯವಾಗಿ ಎಡಬ್ಲ್ಯೂಎಸ್ ತಾನೇ ನಡೆಸುವ ಸೇವೆ. ಒಂದೇ ಪ್ರಶ್ನೆಯಲ್ಲಿ ಈ ಎರಡು ಮಾತಿಗೆ ಎರಡು ಬೇರೆ ಉತ್ತರ ಬರಬಹುದು. ಹಾಗಾಗಿ ಕೊನೆಯ ಸಾಲನ್ನು ಮೊದಲು ಓದಿ, ಆಮೇಲೆ ಕಥೆ ಓದಿ. ಈ ಒಂದು ಅಭ್ಯಾಸ ಸರಿಮಾಡಲು ಯಾವ ವಿಡಿಯೊನೂ ಬೇಡ.

## ಹಂತ 6: ಎಂಟನೇ ದಿನ ನಿರ್ಧಾರದ ದಿನ

ಶನಿವಾರ ಬೆಳಿಗ್ಗೆ ಎರಡನೇ ಮಾಕ್ ಟೆಸ್ಟ್, ಸಮಯ ಹಾಕಿಕೊಂಡು, ಫೋನ್ ದೂರ ಇಟ್ಟು. ಮಧ್ಯಾಹ್ನ ತಪ್ಪುಗಳು. ಮತ್ತೆ ಅದೇ ನಷ್ಟದ ಲೆಕ್ಕ. ಖರ್ಚಿನ ಭಾಗ ಇನ್ನೂ ಓದಿರುವುದಿಲ್ಲ, ಅಲ್ಲಿ ನಷ್ಟ ಇದ್ದೇ ಇರುತ್ತದೆ. ನೋಡಬೇಕಾದ್ದು ಸುರಕ್ಷತೆಯ ಸಾಲು. ಹನ್ನೊಂದು ಗಂಟೆ ಹಾಕಿದ ಮೇಲೂ ಅಲ್ಲಿ ನಷ್ಟ ಇಳಿದಿಲ್ಲ ಅಂದರೆ ನೀವು ವಿಡಿಯೊ ನೋಡಿದ್ದೀರಿ, ಪ್ರಶ್ನೆ ಬಿಡಿಸಿಲ್ಲ. ತಂಗಿಗೆ 20ರಲ್ಲಿ ತಪ್ಪು 11ರಿಂದ 5ಕ್ಕೆ ಇಳಿದಿತ್ತು, ಒಟ್ಟು 44 ಸರಿ, ಅಂದರೆ 68%ರ ಹತ್ತಿರ.

ಒಟ್ಟು 60%ಗಿಂತ ಕಡಿಮೆ ಇದ್ದರೆ ಪರೀಕ್ಷೆ ಮುಂದೆ ಹಾಕಿ. ಹೊತ್ತಿಗೆ 24 ಗಂಟೆ ಮುಂಚಿನವರೆಗೆ ದಿನಾಂಕ ಬದಲಿಸಬಹುದು, ಎರಡು ಸಲದವರೆಗೆ ಅವಕಾಶ ಇದೆ. ಫೇಲಾದರೆ 14 ದಿನ ಕಾಯಬೇಕು, 150 ಡಾಲರ್ ಮತ್ತು ತೆರಿಗೆ ಮತ್ತೆ ಕಟ್ಟಬೇಕು.

ಪಾಸಾಗಲು ಬೇಕಾದ್ದು 1000ಕ್ಕೆ 720. ಇದು 72% ಅಲ್ಲ. ಪ್ರಶ್ನೆಪತ್ರಿಕೆಯ ಕಷ್ಟ ನೋಡಿ ಹೊಂದಿಸಿದ ಅಂಕ ಅದು. ಅದಕ್ಕೇ ಮಾಕ್‌ನಲ್ಲಿ 72ಕ್ಕೆ ಸಮಾಧಾನ ಪಡಬೇಡಿ, 78–80 ಗುರಿ ಇರಲಿ. ಇನ್ನೊಂದು ಒಳ್ಳೆಯ ಸಂಗತಿ, ಪ್ರತಿ ಭಾಗದಲ್ಲೂ ಬೇರೆಬೇರೆಯಾಗಿ ಪಾಸಾಗಬೇಕಿಲ್ಲ. ಒಟ್ಟು ಅಂಕ ಬಂದರೆ ಸಾಕು. ತೂಕ ನೋಡಿ ಓದುವುದು ಇಲ್ಲಿ ನಡೆಯುವುದೇ ಈ ಕಾರಣಕ್ಕೆ.

## ಹಂತ 7: ಕೊನೆಯ ಮೂರು ದಿನ

12ನೇ ದಿನ ಮೂರನೇ ಮಾಕ್ ಟೆಸ್ಟ್. ಕೊನೆಯ ದಿನಕ್ಕೆ ಇಡಬೇಡಿ, ತಿದ್ದಲು ಸಮಯ ಸಿಗುವುದಿಲ್ಲ. 13ನೇ ದಿನ ಅದರ ತಪ್ಪುಗಳು, ಜೊತೆಗೆ ನೋಟ್‌ಬುಕ್ಕಿನಲ್ಲಿ 'ಎರಡು ಸೇವೆ ಕಲಸಿದ್ದು' ಎಂಬ ಪುಟಗಳು. 14ನೇ ದಿನ ಎಸ್3 ಅವಧಿಗಳಂಥ ಬಾಯಿಪಾಠದ ಸಾಲುಗಳು ಮಾತ್ರ, ಒಂದು ಗಂಟೆ. ಹೊಸ ವಿಡಿಯೊ ಒಂದೂ ಬೇಡ. 'ಬಿಡು' ಪಟ್ಟಿ ಈಗ ಕಣ್ಣಿಗೆ ಚುಚ್ಚುತ್ತದೆ, "ಇದೊಂದು ನೋಡಿಬಿಡೋಣ" ಅನ್ನಿಸುತ್ತದೆ. ಸ್ಪ್ರೆಡ್‌ಶೀಟ್ ಮುಚ್ಚಿ.

ಮನೆಯಿಂದ ಬರೆಯುವವರು ಆ ಕಂಪ್ಯೂಟರಿನಲ್ಲಿ ಸಿಸ್ಟಂ ಟೆಸ್ಟ್ ಅವತ್ತೇ ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಬೇಡ, ಅದರ ಸುರಕ್ಷತಾ ಸಾಫ್ಟ್‌ವೇರ್ ಪರೀಕ್ಷೆಯ ಸಾಫ್ಟ್‌ವೇರನ್ನು ತಡೆಯಬಹುದು.

## ಹಂತ 8: ಪರೀಕ್ಷೆಯ ಹೊತ್ತಿನಲ್ಲಿ

ತಪ್ಪಿಗೆ ಅಂಕ ಕಡಿತ ಇಲ್ಲ. ಖಾಲಿ ಬಿಟ್ಟರೆ ಅದೂ ತಪ್ಪೇ. ಎರಡು ನಿಮಿಷ ದಾಟಿತು ಅಂದರೆ ಏನಾದರೊಂದು ಗುರುತು ಹಾಕಿ, ಫ್ಲ್ಯಾಗ್ ಮಾಡಿ ಮುಂದೆ ಹೋಗಿ. 130 ನಿಮಿಷದವರು ಅರ್ಧ ಸಮಯಕ್ಕೆ 35ನೇ ಪ್ರಶ್ನೆಯ ಹತ್ತಿರ ಇರಬೇಕು. 160 ಸಿಕ್ಕವರಿಗೆ ಕೊನೆಯಲ್ಲಿ ಫ್ಲ್ಯಾಗ್ ಮಾಡಿದ್ದನ್ನೆಲ್ಲ ಮತ್ತೆ ಓದಲು ಅರ್ಧ ಗಂಟೆ ಆರಾಮಾಗಿ ಉಳಿಯುತ್ತದೆ. ಕೆಲವು ಪ್ರಶ್ನೆಗೆ ಎರಡು ಅಥವಾ ಮೂರು ಉತ್ತರ ಆರಿಸಬೇಕಿರುತ್ತದೆ. ಎಷ್ಟು ಅಂತ ಪ್ರಶ್ನೆಯಲ್ಲೇ ಇರುತ್ತದೆ, ಕೊನೆಯ ಸಾಲನ್ನು ಮೊದಲು ಓದುವವರಿಗೆ ಅದು ತಪ್ಪುವುದಿಲ್ಲ.

ಫಲಿತಾಂಶದ ಜೊತೆ ಬರುವ ಸ್ಕೋರ್ ರಿಪೋರ್ಟಿನಲ್ಲಿ ನಾಲ್ಕು ಭಾಗಕ್ಕೂ ಒಂದೊಂದು ಗುರುತು ಇರುತ್ತದೆ, ಸಾಕಷ್ಟಿದೆ ಅಥವಾ ಸುಧಾರಿಸಬೇಕು ಅಂತ. ಸಂಖ್ಯೆ ಇರುವುದಿಲ್ಲ. ಪಾಸಾಗದಿದ್ದರೆ ಆ ಕಾಗದವನ್ನು ಹಂತ 3ರ ಕೋಷ್ಟಕದ ಪಕ್ಕದಲ್ಲಿಡಿ. 'ಸುಧಾರಿಸಬೇಕು' ಎಂದಿರುವ ಭಾಗಗಳಲ್ಲಿ ತೂಕ ಜಾಸ್ತಿ ಇರುವುದರಿಂದ ಮತ್ತೆ ಶುರು ಮಾಡಿ. ಕಾಯಬೇಕಾದ ಆ 14 ದಿನಕ್ಕೆ 'ಓದು' ಪಟ್ಟಿಯಲ್ಲಿ ಆ ಭಾಗದ ಗುರುತು ಬಿದ್ದ ವಿಡಿಯೊಗಳನ್ನು ಈಗ 'ನೋಡು' ಪಟ್ಟಿಗೆ ತನ್ನಿ.